ಮೂಲೆ ಹರಿದ ಪತ್ರ: ಹೋದ ಅಕ್ಷರಗಳನ್ನು ಎಣಿಸುವುದು ಹೇಗೆ, ತೋರಿಸುವುದು ಹೇಗೆ?

ಪ್ರಶ್ನೆ: ಸರ್, ಮನೆಯಲ್ಲಿದ್ದ ಹಳೆಯ ಕೈಬರಹದ ಪತ್ರಗಳನ್ನು ಟೈಪ್ ಮಾಡಿ ಇಡುತ್ತಿದ್ದೇನೆ. ಒಂದು ಪತ್ರದ ಮೇಲಿನ ಬಲ ಮೂಲೆ ಓರೆಯಾಗಿ ಹರಿದುಹೋಗಿದೆ. ಕೆಳಗಿನ ಎಡ ಮೂಲೆ ಒಳಕ್ಕೆ ಮಡಚಿಕೊಂಡಿದೆ, ಬಿಡಿಸಲು ಭಯ. ಹಾಳೆಯ ಎರಡೂ ಕಡೆ ಬರಹ ಇದೆ. ಹೋದ ಕಡೆ ಸುಮ್ನೆ ಮೂರು ಚುಕ್ಕಿ ಹಾಕಿದರೆ ಸಾಕಾ? ಎಷ್ಟು ಅಕ್ಷರ ಹೋಗಿದೆ ಅಂತ ಅಂದಾಜು ಮಾಡಲು ಆಗುತ್ತಾ? ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊಗಳನ್ನೂ ನಾನು ಟೈಪ್ ಮಾಡಿದ ಕರಡನ್ನೂ ಜೊತೆಗೆ ಇಟ್ಟಿದ್ದೇನೆ.

ಉತ್ತರ: ಮೂರು ಚುಕ್ಕಿ ಸಾಲದು. ಪತ್ರ ಬರೆದವರೇ ಮಾತು ನಿಲ್ಲಿಸಿ ಚುಕ್ಕಿ ಹಾಕಿರಬಹುದು. ಬೇಡವೆಂದು ನೀವೇ ಒಂದು ಭಾಗ ಬಿಟ್ಟಿರಬಹುದು. ಅಥವಾ ಕಾಗದವೇ ಹೋಗಿರಬಹುದು. ಓದುವವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಇನ್ನೊಂದು ತೊಂದರೆ ಟೈಪ್ ಮಾಡುವಾಗಿನದು. ಮೂರು ಚುಕ್ಕಿ ಒತ್ತಿದರೆ ಹಲವು ತಂತ್ರಾಂಶಗಳು ತಾವಾಗಿಯೇ ಅದನ್ನು ಒಂದೇ ಚಿಹ್ನೆಯಾಗಿ ಕೂಡಿಸಿಬಿಡುತ್ತವೆ. ಒಂದು ಚುಕ್ಕಿಗೆ ಒಂದು ಅಕ್ಷರ ಎಂಬ ಲೆಕ್ಕ ಅಲ್ಲಿಗೇ ಕೆಡುತ್ತದೆ.

ಸ್ಕೇಲ್ ಇಟ್ಟು ಫೋಟೊ ತೆಗೆದದ್ದು ತುಂಬ ಒಳ್ಳೆಯದಾಯಿತು. ಇಡೀ ಅಂದಾಜು ನಿಂತಿರುವುದೇ ಅದರ ಮೇಲೆ.

ಮೊದಲು ಗುರುತುಗಳನ್ನು ಗೊತ್ತುಮಾಡಿಕೊಳ್ಳೋಣ. ಹೊಸದಾಗಿ ಏನೂ ಕಟ್ಟಬೇಕಿಲ್ಲ. ಶಾಸನಗಳನ್ನೂ ಹಳೆಯ ಪಪೈರಸ್ ಹಾಳೆಗಳನ್ನೂ ಓದುವ ವಿದ್ವಾಂಸರು 1931ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಸೇರಿ ಒಪ್ಪಿಕೊಂಡ ಒಂದು ಪದ್ಧತಿ ಇದೆ. ಅದರಲ್ಲಿ ಚೌಕ ಬ್ರಾಕೆಟ್ ಎಂದರೆ ಬರಹ ಇದ್ದ ಜಾಗವೇ ಹಾಳಾಗಿ ಅಕ್ಷರ ಹೋಗಿದೆ ಎಂದರ್ಥ. ಬ್ರಾಕೆಟ್ ಒಳಗೆ ಅಕ್ಷರ ಇದ್ದರೆ ಅದು ನಕಲು ಮಾಡುವವರು ತುಂಬಿದ್ದು. ಚುಕ್ಕಿ ಅಥವಾ ಸಂಖ್ಯೆ ಇದ್ದರೆ ಅದು ಹೋದ ಅಕ್ಷರಗಳ ಲೆಕ್ಕ. ಅಡ್ಡಗೆರೆಗಳಿದ್ದರೆ ಎಷ್ಟು ಹೋಗಿದೆ ಎಂದು ಹೇಳಲಾಗದು ಎಂದರ್ಥ. ನಿಮ್ಮ ಪತ್ರಕ್ಕೆ ಇಷ್ಟು ಸಾಕು. ಮೂರು ಅಕ್ಷರದವರೆಗೆ ಚುಕ್ಕಿ ಹಾಕಿ, ತಂತ್ರಾಂಶ ಅವನ್ನು ಕೂಡಿಸದ ಹಾಗೆ ನೋಡಿಕೊಳ್ಳಿ. ಅದಕ್ಕಿಂತ ಜಾಸ್ತಿಯಾದರೆ [ಸು. 7] ಎಂದು, ಅಂದರೆ ಸುಮಾರು 7 ಎಂದು, ಸಂಖ್ಯೆ ಬರೆಯಿರಿ. ಏಳೆಂಟು ಚುಕ್ಕಿಗಳನ್ನು ಯಾರೂ ಎಣಿಸುವುದಿಲ್ಲ.

ಆ ಪದ್ಧತಿಯ ಒಂದು ಗುರುತು ಮಾತ್ರ ಕನ್ನಡಕ್ಕೆ ಹೊಂದುವುದಿಲ್ಲ. ಅರ್ಧ ಉಳಿದ, ಓದು ಖಚಿತವಲ್ಲದ ಅಕ್ಷರದ ಕೆಳಗೆ ಅವರು ಒಂದು ಚುಕ್ಕಿ ಇಡುತ್ತಾರೆ. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ ಕೂತಿರುತ್ತದೆ, ಅಲ್ವಾ? ಚುಕ್ಕಿ ಅದರೊಳಗೆ ಸೇರಿ ಕಾಣದೇ ಹೋಗುತ್ತದೆ, ಇಲ್ಲವೇ ಫಾಂಟ್ ಅಕ್ಷರವನ್ನೇ ಒಡೆದು ತೋರಿಸುತ್ತದೆ. ಮೆಸೊಪೊಟೇಮಿಯದ ಮಣ್ಣಿನ ಫಲಕಗಳನ್ನು ಓದುವವರು ಅರ್ಧಂಬರ್ಧ ಮುರಿದ ಗುರುತುಗಳಿಗೆ ಅರ್ಧ ಬ್ರಾಕೆಟ್ ಬಳಸುತ್ತಾರೆ: ⸢ನೆ⸣. ಕನ್ನಡಕ್ಕೆ ಇದೇ ವಾಸಿ ಎಂದು ನನ್ನ ಅನಿಸಿಕೆ. ಅಕ್ಷರದ ಅಕ್ಕಪಕ್ಕ ನಿಲ್ಲುವುದರಿಂದ ಏನನ್ನೂ ಮುಚ್ಚುವುದಿಲ್ಲ.

ಇನ್ನು ಎಣಿಕೆ. ಒಂದು ಅಕ್ಷರ ಎಂದರೆ ಯಾವುದು ಎಂದು ಮೊದಲೇ ತೀರ್ಮಾನಿಸಬೇಕು. ಕಂಪ್ಯೂಟರ್ ಒಳಗೆ ‘ಸ್ತ್ರೀ’ ಎಂಬುದು ಆರು ಸಂಕೇತಗಳ ಸಾಲು. ಕೈಬರಹದಲ್ಲಿ ಅದು ಒಂದೇ ಅಕ್ಷರ, ಸಾಲಿನಲ್ಲಿ ಹಿಡಿಯುವುದೂ ಒಂದೇ ಜಾಗ. ನಿಮ್ಮ ತಂತ್ರಾಂಶ ತೋರಿಸುವ ಎಣಿಕೆಯನ್ನು ನಂಬಬೇಡಿ. ಕಾಗುಣಿತ, ಒತ್ತು ಎಲ್ಲ ಸೇರಿ ಒಂದು ಎಂದು ಕೈಯಲ್ಲೇ ಎಣಿಸಿ. ‘ಪತ್ರ’ ಎರಡು, ‘ಪುಸ್ತಕ’ ಮೂರು, ‘ಬಂದಿಲ್ಲ’ ಮೂರು. ಒತ್ತಕ್ಷರ ಕೆಳಕ್ಕೆ ಇಳಿಯುವುದರಿಂದ ಸಾಲಿನ ಅಗಲ ಅಷ್ಟಾಗಿ ಬೆಳೆಯುವುದಿಲ್ಲ. ದೀರ್ಘದ ಕೊಂಬು, ಅರ್ಕಾವತ್ತು ಬಲಕ್ಕೆ ಚಾಚುತ್ತವೆ, ಅವು ಜಾಗ ತಿನ್ನುತ್ತವೆ. ಹತ್ತು ಸಾಲಿನ ಸರಾಸರಿ ತೆಗೆದರೆ ಈ ಹೆಚ್ಚುಕಡಿಮೆ ಸರಿಹೋಗುತ್ತದೆ.

ನಿಮ್ಮ ಹಾಳೆಯ ಅಗಲ 14 ಸೆಂ.ಮೀ. ಎಡಗಡೆ 2 ಸೆಂ.ಮೀ. ಖಾಲಿ ಬಿಟ್ಟು ಬರೆದಿದ್ದಾರೆ. ಬಲಗಡೆ ಸುಮಾರು 1 ಸೆಂ.ಮೀ. ಉಳಿದಿದೆ. ನಡುವೆ 11 ಸೆಂ.ಮೀ. ಬರಹ. ಹರಿಯದೆ ಉಳಿದ ಏಳನೇ ಸಾಲಿನಿಂದ ಕೆಳಕ್ಕೆ ಪೂರ್ತಿ ತುಂಬಿದ ಸಾಲುಗಳನ್ನಷ್ಟೇ ಎಣಿಸಿದೆ. ಒಂದೊಂದರಲ್ಲಿ 21ರಿಂದ 23 ಅಕ್ಷರ ಇವೆ. ಪದಗಳ ನಡುವಿನ ಜಾಗವೂ ಆ 11 ಸೆಂ.ಮೀ. ಒಳಗೇ ಇದೆ, ಅದನ್ನು ಬೇರೆ ಲೆಕ್ಕ ಹಾಕಬೇಕಿಲ್ಲ. ಹಾಗಾಗಿ 1 ಸೆಂ.ಮೀ.ಗೆ 2 ಅಕ್ಷರ. ಈ ಕೈಬರಹದ ಅಳತೆ ಇದು. ಇನ್ನೊಬ್ಬರ ಬರಹಕ್ಕೆ, ಅಷ್ಟೇಕೆ, ಇವರದೇ ಬೇರೆ ಪತ್ರಕ್ಕೂ ಮತ್ತೆ ಅಳೆಯಲೇಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹರಿದ ಅಂಚಿನಿಂದ ಕಾಗದದ ತುದಿಯವರೆಗೆ ಅಳೆದು ಅಷ್ಟಕ್ಕೂ ಅಕ್ಷರ ತುಂಬಿಬಿಡುತ್ತಾರೆ. ಬರಹ ಕಾಗದದ ತುದಿಯವರೆಗೆ ಹೋಗಿರಲಿಲ್ಲ. ಅಳೆಯಬೇಕಾದ್ದು ಉಳಿದ ಸಾಲುಗಳು ನಿಲ್ಲುವ ಗೆರೆಯವರೆಗೆ ಮಾತ್ರ. ನಿಮ್ಮ ಹಾಳೆಯಲ್ಲಿ 1 ಸೆಂ.ಮೀ. ತಪ್ಪಾಗಿ ಸೇರಿಸಿದರೆ ಪ್ರತಿ ಸಾಲಿಗೂ ಎರಡು ಅಕ್ಷರ ಸುಳ್ಳೇ ಬರುತ್ತದೆ. ಬಲದ ಗೆರೆ ನೇರವಾಗಿಯೂ ಇರುವುದಿಲ್ಲ. ನಿಮ್ಮ ಸಾಲುಗಳು 10.5ರಿಂದ 11.5 ಸೆಂ.ಮೀ. ನಡುವೆ ಎಲ್ಲೆಂದರಲ್ಲಿ ನಿಂತಿವೆ. ಅಂದರೆ ಆಚೆಗೊಂದು ಈಚೆಗೊಂದು ಅಕ್ಷರದ ಅನುಮಾನ ಇದ್ದೇ ಇರುತ್ತದೆ. ‘ಸು.’ ಎಂದು ಬರೆದಾಗ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರಬಹುದು ಎಂದು ನಕಲಿನ ಮೊದಲಲ್ಲೇ ತಿಳಿಸಿ.

ನಿಮ್ಮ ಹಾಳೆಯ ಹರಿತ, ಅಂದರೆ ಹರಿದ ಜಾಗ, ಓರೆಯಾಗಿದೆ. ಸಾಲಿನಿಂದ ಸಾಲಿಗೆ 1 ಸೆಂ.ಮೀ. ಅಂತರ. ಒಂದೊಂದು ಸಾಲು ಇಳಿದಂತೆ ಅಂಚು ಕೂಡ ಸುಮಾರು 1 ಸೆಂ.ಮೀ. ಬಲಕ್ಕೆ ಸರಿಯುತ್ತದೆ. ಮೂರನೇ ಸಾಲಿನಲ್ಲಿ ಬರಹದ ಜಾಗದಿಂದ 4 ಸೆಂ.ಮೀ. ಹೋಗಿದೆ, ನಾಲ್ಕನೆಯದರಲ್ಲಿ 3, ಐದನೆಯದರಲ್ಲಿ 2, ಆರನೆಯದರಲ್ಲಿ 1. ಅಕ್ಷರದ ಲೆಕ್ಕದಲ್ಲಿ 8, 6, 4, 2. ಏಳನೇ ಸಾಲಿನ ಹೊತ್ತಿಗೆ ಅಂಚು ಖಾಲಿ ಜಾಗಕ್ಕೆ ಬಂದಿದೆ, ಅಲ್ಲಿ ಏನೂ ಹೋಗಿಲ್ಲ. ಈ ಸಂಖ್ಯೆಗಳು ಒಂದೇ ಹದದಲ್ಲಿ ಇಳಿಯುತ್ತಿರುವುದೇ ಒಂದು ತಾಳೆ. ಯಾವುದೋ ಸಾಲಿಗೆ ನೀವು ತುಂಬಿದ್ದು 10 ಅಕ್ಷರ ಆಗಿ, ಅದರ ಮೇಲಿನ ಸಾಲಿಗೆ 7 ಆದರೆ, ಎಲ್ಲೋ ತಪ್ಪಾಗಿದೆ ಎಂದು ತಿಳಿಯಿರಿ. ಹರಿತದ ಆಕಾರಕ್ಕೆ ಅದು ಒಪ್ಪುವುದಿಲ್ಲ.

ಮೊದಲ ಎರಡು ಸಾಲುಗಳನ್ನು ಈ ಲೆಕ್ಕಕ್ಕೆ ಸೇರಿಸಲಿಲ್ಲ. ಕಾರಣ ಇದೆ. ಎರಡನೇ ಸಾಲು ‘ಪ್ರಿಯ ಮಿತ್ರರಿಗೆ,’ ಎಂಬ ಸಂಬೋಧನೆ. ಅದು ಅಲ್ಪವಿರಾಮದಲ್ಲಿ ಮುಗಿದಿದೆ. ಅದರ ನಂತರ ಹರಿದ ಅಂಚಿನವರೆಗೆ ಖಾಲಿ ಕಾಗದ ಕಾಣುತ್ತಿದೆ. ಅಲ್ಲಿ ಬ್ರಾಕೆಟ್ಟೇ ಬೇಡ. ಕಾಗದ ಹೋದ ಕಡೆಯೆಲ್ಲ ಅಕ್ಷರವೂ ಹೋಗಿದೆ ಎಂದು ಅಂದುಕೊಳ್ಳುವಂತಿಲ್ಲ. ಮೊದಲ ಸಾಲಿನದು ಬೇರೆ ಕತೆ. ಊರು, ತಾರೀಕು ಬರೆಯುವ ಜಾಗ ಅದು. ಫೋಟೊವನ್ನು ದೊಡ್ಡದು ಮಾಡಿ ನೋಡಿ, ಅಂಚಿನಲ್ಲಿ ಶಾಯಿಯ ಒಂದು ಗೀರಿದೆ. ಹಾಗಾದರೆ ಅಲ್ಲಿ ಏನೋ ಇತ್ತು. ಎಷ್ಟಿತ್ತು? ಸಾಲಿನ ಅಗಲ ಇಲ್ಲಿ ಉತ್ತರ ಕೊಡುವುದಿಲ್ಲ, ತಾರೀಕಿನ ಸಾಲು ತುಂಬು ಸಾಲಲ್ಲ. ಹಾಗಾಗಿ ಸಂಖ್ಯೆ ಬರೆಯದೆ [---] ಹಾಕಿ. ಇದೇ ಕಟ್ಟಿನ ಬೇರೆ ಪತ್ರಗಳಲ್ಲಿ ತಾರೀಕು ಇದೆ ಎಂದು ಇಲ್ಲಿಯೂ ಒಂದನ್ನು ಊಹಿಸಿ ಕೂರಿಸಬೇಡಿ. ಕಾಲದ ಬಗ್ಗೆ ನಿಮಗೇನಾದರೂ ಹೊಳೆದರೆ ಅದು ಟಿಪ್ಪಣಿಗೆ ಹೋಗಲಿ.

ಈಗ ಮೂರನೇ ಸಾಲು. ಇಡೀ ಹಾಳೆಯಲ್ಲಿ ಜಾಸ್ತಿ ಎಚ್ಚರ ಬೇಕಾದ್ದು ಇಲ್ಲೇ. ಉಳಿದಿರುವುದು ‘ನಿಮ್ಮ ಪತ್ರ ಹೋದ ವಾರ ತಲುಪಿತು. ಪುಸ್ತ’ ಎಂದು, 14 ಅಕ್ಷರ. ನಾಲ್ಕನೇ ಸಾಲು ‘ಲ್ಲ.’ ಎಂದು ಶುರುವಾಗುತ್ತದೆ. ನಡುವೆ ಸುಮಾರು 8 ಅಕ್ಷರ ಇಲ್ಲ. ‘ಪುಸ್ತ’ ಆದಮೇಲೆ ‘ಕ’ ಬರಲೇಬೇಕು, ಅದರಲ್ಲಿ ಅನುಮಾನವಿಲ್ಲ. ಹಾಗಾಗಿ ಅದೊಂದನ್ನು ತುಂಬಬಹುದು. ಉಳಿದ ಏಳು?

ನಿಮ್ಮ ಕರಡಿನಲ್ಲಿ ‘ಪುಸ್ತಕದ ಕಟ್ಟು ಇನ್ನೂ ಬಂದಿಲ್ಲ’ ಎಂದು ತುಂಬಿದ್ದೀರಿ. ಎಣಿಸಿ ನೋಡೋಣ. ಕ, ದ, ಕ, ಟ್ಟು, ಇ, ನ್ನೂ, ಬಂ, ದಿ. ಸರಿಯಾಗಿ ಎಂಟು. ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಖುಷಿಯಾಗುತ್ತದೆ. ಆದರೆ ‘ಪುಸ್ತಕಗಳನ್ನು ಇನ್ನೂ ಕಳಿಸಿಲ್ಲ’ ಎಂದು ಇಟ್ಟು ನೋಡಿ. ಕ, ಗ, ಳ, ನ್ನು, ಇ, ನ್ನೂ, ಕ, ಳಿ, ಸಿ. ಒಂಬತ್ತು. ಒಂದು ಅಕ್ಷರದ ಅನುಮಾನದೊಳಗೆ ಇದೂ ಕೂರುತ್ತದೆ. ಮೊದಲನೆಯದರಲ್ಲಿ ಪತ್ರ ಬರೆದವರು ಪುಸ್ತಕಕ್ಕಾಗಿ ಕಾಯುತ್ತಿದ್ದಾರೆ. ಎರಡನೆಯದರಲ್ಲಿ ಕಳಿಸಬೇಕಾದವರು ಅವರೇ ಇರಬಹುದು. ಅರ್ಥ ತಲೆಕೆಳಗಾಯಿತು. ಅಕ್ಷರ ಲೆಕ್ಕ ಎರಡಕ್ಕೂ ಒಪ್ಪಿಗೆ ಕೊಟ್ಟಿತು.

ಅಂದಾಜಿನ ಶಕ್ತಿ ಇಷ್ಟೇ ಎಂದು ಇದರಿಂದ ಕಾಣುತ್ತದೆ. ಹೊಂದದ ಊಹೆಯನ್ನು ಅದು ತಳ್ಳಿಹಾಕುತ್ತದೆ. ಹೊಂದುವ ಊಹೆಯನ್ನು ನಿಜ ಎಂದು ಸಾಬೀತು ಮಾಡುವುದಿಲ್ಲ. ಯಾರಾದರೂ ಅಲ್ಲಿ ‘ಪುಸ್ತಕ ಓದಿಲ್ಲ’ ಎಂದಷ್ಟೇ ಇತ್ತು ಎಂದರೆ, ಅದಕ್ಕೆ ಮೂರೇ ಅಕ್ಷರ ಸಾಕು, ಉಳಿದ ಜಾಗ ತುಂಬುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಎಂಟು ಅಕ್ಷರದ ವಾಕ್ಯ ಸಿಕ್ಕಿತು ಎಂದು ಅದನ್ನೇ ಬರೆದಿಡುವಂತಿಲ್ಲ.

ನನ್ನ ನಿಯಮ ಸರಳ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಬ್ರಾಕೆಟ್ ಒಳಗೆ ಅಕ್ಷರ. ಎರಡನೇ ದಾರಿ ಒಂದಾದರೂ ಕಂಡರೆ ಸಂಖ್ಯೆ ಮಾತ್ರ. ಹೀಗಾಗಿ ಈ ಸಾಲು ‘ಪುಸ್ತ[ಕ][ಸು. 7]’ ಎಂದು ನಿಲ್ಲುತ್ತದೆ. ತುಂಬಿದ ಅಕ್ಷರವನ್ನೂ ಸಂಖ್ಯೆಯನ್ನೂ ಒಂದೇ ಬ್ರಾಕೆಟ್ಟಿಗೆ ಹಾಕಬೇಡಿ, ‘ಸು.’ ಕೂಡ ಪತ್ರದ್ದೇ ಮಾತು ಎಂದು ಓದಿಕೊಳ್ಳುವ ಅಪಾಯ ಇದೆ. ‘ಪುಸ್ತ’ಕ್ಕೂ ಬ್ರಾಕೆಟ್ಟಿಗೂ ನಡುವೆ ಖಾಲಿ ಜಾಗ ಬಿಡಬೇಡಿ. ಅಂಟಿಕೊಂಡಿದ್ದರೆ ಪದ ಮುರಿದಿದೆ ಎಂದರ್ಥ. ಜಾಗ ಬಿಟ್ಟರೆ ಪದ ಅಲ್ಲಿಗೆ ಮುಗಿದಿದೆ ಎಂದಾಗುತ್ತದೆ.

ನಾಲ್ಕನೇ ಸಾಲು ‘ಮಾತಾಡುತ್ತೇ’ ಎಂಬಲ್ಲಿಗೆ ಬಂದು, ಅಂಚಿನಲ್ಲಿ ಒಂದು ಅಕ್ಷರದ ಎಡ ಅರ್ಧ ಉಳಿದಿದೆ. ಬರಿ ಶಾಯಿ ನೋಡಿದರೆ ಅದು ‘ನೆ’ ಇರಬಹುದು, ‘ವೆ’ ಇರಬಹುದು. ಅದೇ ಸಾಲಿನಲ್ಲಿ ಹಿಂದೆ ‘ನಾನೇ’ ಎಂದಿದೆ. ಒಬ್ಬರೇ ಹೋಗುವುದಾದರೆ ‘ಮಾತಾಡುತ್ತೇನೆ’ ಎಂದೇ ಆಗಬೇಕು. ಉಳಿದ ಶಾಯಿ ಅದಕ್ಕೆ ವಿರೋಧವಾಗಿಲ್ಲ. ಆದ್ದರಿಂದ ⸢ನೆ⸣. ಪೂರ್ತಿ ಹೋದದ್ದಲ್ಲ, ಹಾಗಾಗಿ ಚೌಕ ಬ್ರಾಕೆಟ್ ಬೇಡ. ಸ್ವಲ್ಪ ಕಂಡರೂ ಕಂಡದ್ದೇ. ಆಮೇಲಿನ ಸುಮಾರು 6 ಅಕ್ಷರಗಳನ್ನು ತುಂಬುವ ಪ್ರಯತ್ನ ಬೇಡ. ಮುಂದಿನ ಸಾಲು ‘ಕ್ಕೆ ಮೊದಲು’ ಎಂದು ಶುರುವಾಗುತ್ತದೆ. ‘ಅದಕ್ಕೆ ಮೊದಲು’ ಎಂದು ನಿಮಗೂ ನನಗೂ ಅನಿಸುತ್ತದೆ, ಆದರೆ ಹಬ್ಬಕ್ಕೆ ಮೊದಲು, ಪ್ರಯಾಣಕ್ಕೆ ಮೊದಲು, ಏನು ಬೇಕಾದರೂ ಆಗಬಹುದು.

ಐದನೇ ಸಾಲಿನ ಕೊನೆಯಲ್ಲಿ ‘ಬಾಕಿ ಉಳಿದದ್ದು ೩’ ಎಂದಿದೆ. ಆರನೆಯದು ‘ಮಾತ್ರ.’ ಎಂದು ಶುರು. ನೀವು ‘೩ ಪುಸ್ತಕ ಮಾತ್ರ’ ಎಂದು ತುಂಬಿದ್ದೀರಿ. ದಯವಿಟ್ಟು ತೆಗೆಯಿರಿ. ಹೋದದ್ದು ಸುಮಾರು 4 ಅಕ್ಷರ. ‘೩ ಪುಸ್ತಕ’ ಆದರೆ ಹೋದದ್ದು ಮೂರು, ‘೩೨ ಪುಸ್ತಕ’ ಆದರೆ ನಾಲ್ಕು. ಎರಡೂ ಕೂರುತ್ತವೆ. ಅಂಕಿಗೆ ವ್ಯಾಕರಣದ ಬೆಂಬಲ ಇಲ್ಲ, ಮುಂದಿನ ಅಂಕಿ ಏನೆಂದು ಹಿಂದಿನ ಅಂಕಿ ಹೇಳುವುದಿಲ್ಲ. ಅಂಕಿಗಳ ಮಟ್ಟಿಗೆ ಮಾತ್ರ ನಾನು ಯಾವ ಊಹೆಗೂ ಒಪ್ಪುವುದಿಲ್ಲ. ಮುಂದೆ ಯಾರೋ ಈ ನಕಲಿನಿಂದ ‘ಬಾಕಿ ಮೂರು’ ಎಂದು ಎತ್ತಿಕೊಂಡು ಬರೆಯುತ್ತಾರೆ. ಆ ಹೊತ್ತಿಗೆ ಬ್ರಾಕೆಟ್ ಉದುರಿಹೋಗಿರುತ್ತದೆ. ಇಲ್ಲಿ ಒಂದು ಪರೀಕ್ಷೆ ಇದೆ. ಈ ಕೈಬರಹದಲ್ಲಿ ಪದಗಳ ನಡುವೆ 3 ಮಿ.ಮೀ. ಜಾಗ ಇರುತ್ತದೆ. ೩ರ ಬಲಕ್ಕೆ ಅಷ್ಟು ಖಾಲಿ ಕಾಗದ ಉಳಿದಿದ್ದರೆ ಸಂಖ್ಯೆ ಅಲ್ಲಿಗೇ ಮುಗಿದಿದೆ ಎನ್ನಬಹುದಿತ್ತು. ಉಳಿದಿರುವುದು 1 ಮಿ.ಮೀ. ಮಾತ್ರ. ಹಾಗಾಗಿ ‘೩[ಸು. 4]’, ಅಂಟಿಸಿಯೇ ಬರೆಯಿರಿ. ಪತ್ರದ ಅಂಕಿಯನ್ನು ಕನ್ನಡ ಅಂಕಿಯಲ್ಲೇ ಇಟ್ಟು, ನಿಮ್ಮ ಎಣಿಕೆಯನ್ನು 4 ಎಂದು ಬರೆದರೆ ಎರಡೂ ಬೆರೆಯುವುದಿಲ್ಲ.

ಆರನೇ ಸಾಲು ಈ ಹಾಳೆಯ ಸುಲಭದ ಸಾಲು. ‘ಲೆಕ್ಕ ಪೂರ್ತಿ ಮಾಡಿಬಿಡು’ ಆದಮೇಲೆ ಎರಡು ಅಕ್ಷರದ ಜಾಗ. ಏಳನೇ ಸಾಲು ಹೊಸ ವಾಕ್ಯದಿಂದ ಶುರುವಾಗುತ್ತದೆ. ‘ತ್ತೇನೆ’ ಎಂದರೆ ಎರಡು ಅಕ್ಷರ, ಕೂರುತ್ತದೆ. ‘ವೆನು’ ಎಂದರೂ ಎರಡೇ. ಆದರೆ ಇವರು ನಾಲ್ಕನೇ ಸಾಲಿನಲ್ಲೂ ಕೆಳಗಿನ ಸಾಲುಗಳಲ್ಲೂ ‘ತ್ತೇನೆ’ ಎಂದೇ ಬರೆಯುತ್ತಾರೆ. ‘ವೆನು’ ರೂಪ ಎಲ್ಲೂ ಇಲ್ಲ. ಇನ್ನೂ ಗಟ್ಟಿ ಮಾಡಿಕೊಳ್ಳಬೇಕಾದರೆ ಹನ್ನೊಂದನೇ ಸಾಲಿನ ‘ತ್ತೇನೆ’ಯನ್ನು ಅಳೆಯಿರಿ. ಅಲ್ಲಿ ಅದು 1.1 ಸೆಂ.ಮೀ. ಹಿಡಿದಿದೆ. ಇಲ್ಲಿ ಹೋದ ಜಾಗ ಸುಮಾರು 1 ಸೆಂ.ಮೀ. ಚಿಕ್ಕ ಅಂತರಗಳಿಗೆ ಸರಾಸರಿಗಿಂತ ಈ ಅಳತೆಯೇ ವಾಸಿ. ಅದೇ ಕೈಯ ಅದೇ ಪದ ಬೇರೆ ಕಡೆ ಸಿಕ್ಕರೆ, ಫೋಟೊದಲ್ಲಿ ಅದನ್ನು ಕತ್ತರಿಸಿ ಅಂತರದ ಮೇಲೆ ಇಟ್ಟು ನೋಡಬಹುದು. ಇಲ್ಲಿ ಮಾತ್ರ [ತ್ತೇನೆ] ಎಂದು ತುಂಬಿ.

ಎಲ್ಲ ಸೇರಿದರೆ ಹೀಗೆ ಕಾಣುತ್ತದೆ:

```
1  ⸢.⸣[---]
2  ಪ್ರಿಯ ಮಿತ್ರರಿಗೆ,
3  ನಿಮ್ಮ ಪತ್ರ ಹೋದ ವಾರ ತಲುಪಿತು. ಪುಸ್ತ[ಕ][ಸು. 7]
4  ಲ್ಲ. ಮಳೆ ನಿಂತ ಮೇಲೆ ನಾನೇ ಬಂದು ಮಾತಾಡುತ್ತೇ⸢ನೆ⸣[ಸು. 6]
5  ಕ್ಕೆ ಮೊದಲು ಲೆಕ್ಕ ಮುಗಿಸಬೇಕು. ಬಾಕಿ ಉಳಿದದ್ದು ೩[ಸು. 4]
6  ಮಾತ್ರ. ಅದನ್ನೂ ನಿಮಗೆ ತಲುಪಿಸಿ ಲೆಕ್ಕ ಪೂರ್ತಿ ಮಾಡಿಬಿಡು[ತ್ತೇನೆ]
7  ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ತಮ್ಮನಿಗೆ ಪರೀಕ್ಷೆ ಹತ್ತಿರ
```

ಮೊದಲ ಸಾಲಿನ ಒಂಟಿ ಚುಕ್ಕಿ ಆ ಶಾಯಿಯ ಗೀರು. ಒಂದು ಅಕ್ಷರದ ಗುರುತಿದೆ, ಯಾವುದೆಂದು ಓದಲಾಗದು ಎಂದರ್ಥ.

ಸಾಲು ಸಾಲಾಗಿ, ಸಂಖ್ಯೆ ಹಾಕಿ ಇಟ್ಟಿರುವುದನ್ನು ಗಮನಿಸಿ. ನಿಮ್ಮ ಕರಡಿನಲ್ಲಿ ಎಲ್ಲವನ್ನೂ ಒಂದೇ ಪ್ಯಾರಾ ಆಗಿ ಹರಿಸಿದ್ದೀರಿ. ಹಾಗೆ ಮಾಡಿದರೆ ಅಕ್ಷರ ಹೋದದ್ದು ಸಾಲಿನ ಕೊನೆಯಲ್ಲಿ ಎಂಬುದೇ ತಿಳಿಯುವುದಿಲ್ಲ. ಬೇರೆಯವರು ಲೆಕ್ಕ ತಾಳೆ ನೋಡಲೂ ಆಗುವುದಿಲ್ಲ.

ಆರನೇ ಸಾಲಿನ ‘ಅದನ್ನೂ ನಿಮಗೆ ತಲುಪಿಸಿ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ತಲುಪಿಸಬೇಕಾದವರು ಪತ್ರ ಬರೆದವರು. ಹಾಗಾದರೆ ಮೂರನೇ ಸಾಲಿನಲ್ಲಿ ‘ಬಂದಿಲ್ಲ’ ಎನ್ನುವುದಕ್ಕಿಂತ ‘ಕಳಿಸಿಲ್ಲ’ ಎನ್ನುವ ಕಡೆಗೇ ತೂಕ ಜಾಸ್ತಿ. ಆದರೂ ಅದನ್ನು ಬ್ರಾಕೆಟ್ ಒಳಗೆ ಸೇರಿಸಬೇಡಿ. ತಲುಪಿಸಬೇಕಾದ್ದು ಪುಸ್ತಕವೇ ಎಂದು ಐದನೇ ಸಾಲು ಹೇಳುತ್ತಿಲ್ಲ, ಹೇಳಬೇಕಾದ ಜಾಗವೇ ಹರಿದಿದೆ. ಕೆಳಗೆ ಒಂದು ಟಿಪ್ಪಣಿಯಲ್ಲಿ ಎರಡೂ ಓದುಗಳನ್ನು ಕೊಟ್ಟು, ಯಾವುದು ವಾಸಿ ಎಂದು ಯಾಕೆ ಅನಿಸಿತು ಎಂದು ಬರೆಯಿರಿ. ನಕಲಿನಲ್ಲಿ ಸಾಕ್ಷಿ, ಟಿಪ್ಪಣಿಯಲ್ಲಿ ಅಭಿಪ್ರಾಯ.

ಈ ನಕಲನ್ನು ಮುಂದೆ ಹುಡುಕಲು ಬರುವ ಹಾಗೆ ಕಂಪ್ಯೂಟರ್ ಗುರುತುಗಳಲ್ಲಿ ಇಡಬೇಕೆಂದರೆ, ಹಳೆಯ ಬರಹಗಳಿಗೆ ಬಳಸುವ ಟಿಇಐ, ಅಂದರೆ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್, ಪದ್ಧತಿಯಲ್ಲಿ ಮೂರನೇ ಸಾಲು ಹೀಗಿರುತ್ತದೆ:

```
<lb n="3"/>ನಿಮ್ಮ ಪತ್ರ ಹೋದ ವಾರ ತಲುಪಿತು.
ಪುಸ್ತ<supplied reason="lost">ಕ</supplied><gap
  reason="lost" unit="character"
  atLeast="6" atMost="8"/>
<lb n="4"/>ಲ್ಲ.
```

lb ಎಂದರೆ ಸಾಲಿನ ಶುರು, supplied ಎಂದರೆ ತುಂಬಿದ ಅಕ್ಷರ, gap ಎಂದರೆ ಹೋದ ಜಾಗ. ಇದರಲ್ಲಿ ಕಡಿಮೆ ಎಂದರೆ 6, ಜಾಸ್ತಿ ಎಂದರೆ 8 ಎಂದು ಎರಡೂ ತುದಿ ಹೇಳಬಹುದು. ‘ಸು.’ ಎನ್ನುವುದಕ್ಕಿಂತ ಇದು ಸ್ಪಷ್ಟ. ಇಲ್ಲಿಯೂ ಎಣಿಕೆಯ ಘಟಕ ಎಂದರೆ ಕನ್ನಡದ ಪೂರ್ಣ ಅಕ್ಷರ ಎಂದು ಕಡತದ ತಲೆಯಲ್ಲೇ ಬರೆದಿಡಿ. ಇಲ್ಲದಿದ್ದರೆ ಅದನ್ನು ತೆರೆದವರು ಯೂನಿಕೋಡ್ ಸಂಕೇತಗಳ ಲೆಕ್ಕ ಎಂದುಕೊಳ್ಳಬಹುದು.

ಹಾಳೆಯ ಹಿಂಬದಿಗೆ ಬರೋಣ. ಮುಂಬದಿಯ ಬಲ ಮೂಲೆ ಹಿಂಬದಿಯಲ್ಲಿ ಎಡ ಮೂಲೆ. ಅದೇ ಹರಿತ, ಆದರೆ ನಷ್ಟ ಒಂದೇ ಅಲ್ಲ. ಎಡಗಡೆ 2 ಸೆಂ.ಮೀ. ಖಾಲಿ ಬಿಡುತ್ತಾರಲ್ಲ, ಹರಿತದ ಒಂದಷ್ಟು ಭಾಗವನ್ನು ಆ ಖಾಲಿ ಜಾಗವೇ ನುಂಗಿಕೊಂಡಿದೆ. ಮುಂಬದಿಯ ಮೂರನೇ ಸಾಲಿನ ಎತ್ತರದಲ್ಲಿ ಹರಿತ ಕಾಗದದ ತುದಿಯಿಂದ 5 ಸೆಂ.ಮೀ. ಒಳಗಿದೆ. ಅದರಲ್ಲಿ ಖಾಲಿ 2 ಸೆಂ.ಮೀ. ಕಳೆದರೆ ಹಿಂಬದಿಯಲ್ಲಿ ಬರಹ ಹೋದದ್ದು 3 ಸೆಂ.ಮೀ., 6 ಅಕ್ಷರ. ಆರನೇ ಸಾಲಿನ ಎತ್ತರದಲ್ಲಿ ಹರಿತ 2 ಸೆಂ.ಮೀ. ಮಾತ್ರ, ಹಿಂಬದಿಯಲ್ಲಿ ಒಂದಕ್ಷರವೂ ಹೋಗಿಲ್ಲ. ಹಿಂಬದಿಯ ಲೆಕ್ಕ ಮುಂಬದಿಗಿಂತ ನಂಬಿಕಸ್ಥ, ಎಡದ ಗೆರೆ ನೇರವಾಗಿರುತ್ತದೆ. ಆದರೆ ಹೋದದ್ದು ಸಾಲಿನ ಮೊದಲಾದ್ದರಿಂದ ಪದಗಳ ತಲೆಯೇ ಇರುವುದಿಲ್ಲ. ಕನ್ನಡದಲ್ಲಿ ಪದದ ಬಾಲ ಹೋದರೆ ಪ್ರತ್ಯಯ ಊಹಿಸಬಹುದು. ತಲೆ ಹೋದರೆ ಬರಿ ‘ದಿಂದ’, ‘ಗಳನ್ನು’ ಉಳಿದು, ಯಾವ ಪದ ಎಂಬುದೇ ಸಿಗುವುದಿಲ್ಲ. ಹಿಂಬದಿಯಲ್ಲಿ ನೀವು ತುಂಬುವ ಅಕ್ಷರಗಳು ಕಡಿಮೆ ಇರುವುದೇ ಸರಿ. ಹೊಸ ಪ್ಯಾರಾದ ಮೊದಲ ಸಾಲು ಆ ಜಾಗದಲ್ಲಿದ್ದರೆ ಅದು ಒಳಸರಿದು ಶುರುವಾಗಿರಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಮಡಚಿದ ಮೂಲೆ. ಅಲ್ಲಿ ಅಕ್ಷರ ಹೋಗಿಲ್ಲ, ಅಡಗಿದೆ. ಅದಕ್ಕೆ ಬೇರೆ ಗುರುತು ಬೇಕು. [ಮಡಿಕೆ: ಸು. 4] ಎಂದು ಬರೆದರೆ, ಮುಂದೊಂದು ದಿನ ಮೂಲೆ ಬಿಡಿಸಿದಾಗ ಅಲ್ಲಿ ಓದಲು ಸಿಗುತ್ತದೆ ಎಂದು ಎಲ್ಲರಿಗೂ ತಿಳಿಯುತ್ತದೆ.

ಕಣ್ಣಿಗೆ ಕಾಣುವ ಮಡಿಕೆಗಿಂತ ಅಡಗಿದ ಜಾಗ ದೊಡ್ಡದು. ಮಡಚಿದ ತ್ರಿಕೋನದ ಒಳಮೈ ಕೆಳಮುಖವಾಗಿದೆ, ಅದರ ಬರಹ ಕಾಣುವುದಿಲ್ಲ. ಅದು ಬಂದು ಕೂತ ಜಾಗದ ಬರಹವೂ ಮುಚ್ಚಿಹೋಗಿದೆ. ಎರಡೂ ಸೇರಿದರೆ ತ್ರಿಕೋನದ ಎರಡರಷ್ಟು. ನಿಮ್ಮ ಮೂಲೆ ಎರಡೂ ಅಂಚಿನಿಂದ 4 ಸೆಂ.ಮೀ. ಮಡಚಿದೆ. ಅಂದರೆ 4 ಸೆಂ.ಮೀ. ಉದ್ದಗಲದ ಒಂದು ಇಡೀ ಚೌಕ ಮರೆಯಾಗಿದೆ. ಎಡದ ಖಾಲಿ 2 ಸೆಂ.ಮೀ. ಕಳೆದರೆ ಸಾಲಿಗೆ 2 ಸೆಂ.ಮೀ. ಬರಹ, 4 ಅಕ್ಷರ. ಕೆಳಗೆ 1 ಸೆಂ.ಮೀ. ಖಾಲಿ ಬಿಟ್ಟಿದ್ದಾರೆ, ಹಾಗಾಗಿ ಕೊನೆಯ ಮೂರು ಸಾಲುಗಳಿಗೆ ಮಾತ್ರ ಈ ಗುರುತು ಬೇಕು, ಪ್ರತಿ ಸಾಲಿನ ಮೊದಲಲ್ಲಿ.

ಈಗ ಒಂದು ವಿಷಯ ಗಮನವಿಟ್ಟು ನೋಡಿ. ಮಡಚಿದ ತುಂಡಿನ ಮೇಲೆ ಕಾಲು ಸುತ್ತು ತಿರುಗಿದ ಕೆಲವು ಅಕ್ಷರಗಳು ಕಾಣುತ್ತಿವೆ, ಅಲ್ವಾ? ಅವು ಮುಂಬದಿಯವಲ್ಲ. ಹಿಂಬದಿಯ ಕೊನೆಯ ಸಾಲುಗಳ ಬಲತುದಿ ಅವು. ನಿಮ್ಮ ಕರಡಿನಲ್ಲಿ ಅವನ್ನು ಮುಂಬದಿಯ ಕೊನೆಯ ಸಾಲಿಗೆ ಸೇರಿಸಿದ್ದೀರಿ, ಅದಕ್ಕೇ ಆ ವಾಕ್ಯಕ್ಕೆ ಅರ್ಥವೇ ಆಗುತ್ತಿಲ್ಲ. ಹಿಂಬದಿಯ ಫೋಟೊದಲ್ಲಿ ಆ ಮೂಲೆ ಹರಿದುಹೋದ ಹಾಗೆ ಕಾಣುತ್ತದೆ. ಹಾಗೆಂದು ಅಲ್ಲಿ ಹೋದ ಅಕ್ಷರ ಎಂದು ಗುರುತು ಹಾಕಬೇಡಿ. ಮುಂಬದಿಯ ಫೋಟೊವನ್ನು ತಿರುಗಿಸಿ ಆ ತುಂಡನ್ನು ಓದಿ, ಹಿಂಬದಿಯ ಆಯಾ ಸಾಲಿನ ಕೊನೆಗೆ ಬ್ರಾಕೆಟ್ ಇಲ್ಲದೆ ಬರೆಯಿರಿ. ‘ಮಡಚಿದ ತುಂಡಿನಿಂದ ಓದಿದ್ದು’ ಎಂದು ಟಿಪ್ಪಣಿ ಸಾಕು. ಮಡಿಕೆಯ ಗೆರೆಯ ಮೇಲೆಯೇ ಕೂತ ಅಕ್ಷರಗಳು ಎರಡು ಹೋಳಾಗಿ ಎರಡು ಫೋಟೊಗಳಲ್ಲಿ ಹಂಚಿಹೋಗಿರುತ್ತವೆ. ಅವಕ್ಕೆ ಅರ್ಧ ಬ್ರಾಕೆಟ್ ಹಾಕಿ.

ಬಿಡಿಸುವ ವಿಚಾರದಲ್ಲಿ ನಿಮ್ಮ ಭಯ ಸರಿಯಾದದ್ದೇ. ಫೋಟೊದಲ್ಲಿ ಮಡಿಕೆಯ ಗೆರೆ ಕಂದಾಗಿ, ಒಂದು ತುದಿಯಲ್ಲಿ ಆಗಲೇ ಸೀಳಿದೆ. ಆ ಜಾಗದಲ್ಲಿ ಕಾಗದದ ನಾರು ಮುರಿದಿದೆ ಎಂದರ್ಥ. ಬಿಡಿಸಿದರೆ ಮೂಲೆ ಕೈಗೇ ಬರಬಹುದು. ಕಾಗದ ಸಂರಕ್ಷಣೆಯ ಕೆಲಸ ಬಲ್ಲವರು ಹದವಾಗಿ ತೇವ ಕೊಟ್ಟು ಬಿಡಿಸುತ್ತಾರೆ. ಶಾಯಿ ನೀರಿಗೆ ಹರಡುವ ಜಾತಿಯದಾದರೆ ಅದೂ ಅಪಾಯ, ಹಾಗಾಗಿ ಮನೆಯಲ್ಲಿ ಪ್ರಯತ್ನ ಬೇಡ. ಅಲ್ಲಿಯವರೆಗೆ ಹಾಳೆಯ ಹಿಂದೆ ಬಿಸಿಯಾಗದ ದೀಪ ಇಟ್ಟು ಒಂದು ಫೋಟೊ ತೆಗೆದು ನೋಡಿ. ತೆಳು ಕಾಗದವಾದರೆ ಒಳಗಿನ ಶಾಯಿ ಸ್ವಲ್ಪ ಕಾಣಬಹುದು. ಮಡಚಿದ ತುಂಡಿನ ಒಳಮೈ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತವೆ, ಫೋಟೊವನ್ನು ಕನ್ನಡಿಯಂತೆ ಅಡ್ಡಡ್ಡ ಮಗುಚಿ, ಕಾಲು ಸುತ್ತು ತಿರುಗಿಸಿ ಓದಬೇಕು. ಬರಹದ ಪದರಗಳು ಒಂದರ ಮೇಲೊಂದು ಬೀಳುವುದರಿಂದ ಸಿಗುವುದು ಒಂದೆರಡು ಅಕ್ಷರ ಮಾತ್ರ. ಹಾಗೆ ಓದಿದ ಪ್ರತಿಯೊಂದಕ್ಕೂ ಅರ್ಧ ಬ್ರಾಕೆಟ್ ಇರಲಿ.

ಮೂಲೆ ಬಿಡಿಸಿ ನಿಜವಾದ ಅಕ್ಷರಗಳು ಕಂಡ ದಿನ ಹಳೆಯ ನಕಲನ್ನು ಅಳಿಸಬೇಡಿ. ಪಕ್ಕದಲ್ಲಿ ಹೊಸ ನಕಲು ಇಟ್ಟು, ಅಂದಾಜು 4 ಇದ್ದಲ್ಲಿ ನಿಜವಾಗಿ ಎಷ್ಟು ಸಿಕ್ಕಿತು ಎಂದು ಸಾಲು ಸಾಲಿಗೂ ಬರೆದುಕೊಳ್ಳಿ. ಮೂರೂ ಸಾಲುಗಳಲ್ಲಿ ವ್ಯತ್ಯಾಸ ಒಂದು ಅಕ್ಷರದೊಳಗಿದ್ದರೆ, ಹರಿದ ಮೂಲೆಗೆ ಹಾಕಿದ ಸಂಖ್ಯೆಗಳನ್ನು ಹಾಗೇ ಬಿಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ 1 ಸೆಂ.ಮೀ.ಗೆ 2 ಅಕ್ಷರ ಎಂಬ ನನ್ನ ಅಳತೆಯನ್ನು ತಿದ್ದಿ, ಮೂರನೇ ಸಾಲಿನಿಂದ ಲೆಕ್ಕ ಮತ್ತೆ ಹಾಕಿ.